ಮೆರೂನ್ ಟೀ-ಶರ್ಟಿಗೆ ಮಾತ್ರ ಹಳೇ ರೇಟು: ಉಡುಪಿಯ ಯೂನಿಫಾರ್ಮ್ ಅಂಗಡಿಯ ಒಂದು ಪ್ರಕರಣ

ಉಡುಪಿಯ ರಥಬೀದಿ ಹತ್ತಿರ ಒಂದು ಸ್ಕೂಲ್ ಯೂನಿಫಾರ್ಮ್ ಅಂಗಡಿ. ಅಂಗಡಿಯ ಹೆಸರು ಬೇಡ, ಮಾಲೀಕರನ್ನು ಶೆಟ್ರು ಅಂದರೆ ಸಾಕು. ಕೌಂಟರ್ ವ್ಯಾಪಾರ ಮೊದಲಿಂದಲೂ ಇದೆ. ಜೊತೆಗೆ ವೂಕಾಮರ್ಸ್ ಅನ್ನುವ ಆನ್‌ಲೈನ್ ಅಂಗಡಿಯ ಸಾಫ್ಟ್‌ವೇರ್‌ನಲ್ಲಿ ಕಟ್ಟಿದ ಒಂದು ವೆಬ್‌ಸೈಟೂ ಇದೆ. ಮೇ ಕೊನೆಯಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಾಗಾಗಿ ಕಾರ್ಕಳ, ಕುಂದಾಪುರ ಕಡೆಯ ಪೋಷಕರು ಸೈಟಲ್ಲೇ ಆರ್ಡರ್ ಹಾಕಿ, ಉಡುಪಿಗೆ ಬಂದಾಗ ಬಿಲ್ ತೋರಿಸಿ ಕಟ್ಟು ತಗೊಂಡು ಹೋಗುತ್ತಾರೆ.

ಈ ಪ್ರಕರಣ ಒಂದೇ ಒಂದು ಐಟಂನದ್ದು. ಒಂದು ಶಾಲೆಯ ಹೌಸ್ ಟೀ-ಶರ್ಟ್. ನಾಲ್ಕು ಹೌಸ್, ಹಾಗಾಗಿ ನಾಲ್ಕು ಬಣ್ಣ: ಮೆರೂನ್, ನೇವಿ ಬ್ಲೂ, ಬಾಟಲ್ ಗ್ರೀನ್, ಹಳದಿ. ಸೈಜು 24ರಿಂದ 40ರವರೆಗೆ, ಎರಡೆರಡು ಇಂಚು ಬಿಟ್ಟು, ಒಟ್ಟು ಒಂಬತ್ತು. ನಾಲ್ಕು ಬಣ್ಣ, ಒಂಬತ್ತು ಸೈಜು ಅಂದರೆ 36 ವೇರಿಯಂಟ್. ಗಿರಾಕಿಗೆ ಸೈಟಲ್ಲಿ ಕಾಣುವುದು ಒಂದೇ ಟೀ-ಶರ್ಟ್, ಎರಡು ಡ್ರಾಪ್‌ಡೌನ್. ಆದರೆ ಒಳಗೆ 36 ಬೇರೆ ಬೇರೆ ಸಾಲುಗಳಿವೆ. ಪ್ರತಿ ಸಾಲಿಗೂ ಅದರದ್ದೇ ಎಸ್‌ಕೆಯು ಅನ್ನುವ ಗುರುತಿನ ಕೋಡು, ಅದರದ್ದೇ ರೇಟು, ಅದರದ್ದೇ ಸ್ಟಾಕು. ಮೇಲಿರುವ ಪೇರೆಂಟ್ ಪ್ರಾಡಕ್ಟ್‌ನಲ್ಲಿ ಹೆಸರು, ಫೋಟೋ, ವಿವರಣೆ ಇರುತ್ತದೆ. ಮಾರಾಟ ಆಗುವುದು ಮಾತ್ರ ಆ ಸಾಲುಗಳು.

ಎಸ್‌ಕೆಯು ಇಟ್ಟಿದ್ದ ಕ್ರಮ ತುಂಬಾ ಸರಳ. ಬಣ್ಣದ ಮೂರು ಅಕ್ಷರ, ಒಂದು ಅಡ್ಡಗೆರೆ, ಸೈಜು. `NAV-28`, `BOT-34`, `YEL-40`. ಮೆರೂನ್‌ಗೆ `MAR-28`. ಓದಿದ ಕೂಡಲೇ ಅರ್ಥ ಆಗುತ್ತದೆ, ಕಪಾಟಿನ ಮೇಲೆ ಚೀಟಿ ಅಂಟಿಸಲೂ ಸುಲಭ. ಇದನ್ನು ನೋಡಿದ ಯಾರೂ ತಪ್ಪು ಅನ್ನುವುದಿಲ್ಲ. ತೊಂದರೆ ಇದ್ದದ್ದು ಸರಿಯಾಗಿ ಇಲ್ಲೇ.

ದೂರು ಬಂದದ್ದು ರೇಟಿನ ಮೇಲೆ

ಒಬ್ಬರು ತಾಯಿ, ಅವಳಿ ಮಕ್ಕಳು, ಇಬ್ಬರಿಗೂ ಸೈಜು 28. ಒಂದು ಮಗು ಮೆರೂನ್ ಹೌಸ್, ಇನ್ನೊಂದು ಹಳದಿ ಹೌಸ್. ಒಂದೇ ಆರ್ಡರಿನಲ್ಲಿ ಎರಡನ್ನೂ ಹಾಕಿದ್ದರು. ಕಟ್ಟು ತಗೊಳ್ಳಲು ಬಂದವರು ಮೊಬೈಲನ್ನು ಕೌಂಟರ್ ಮೇಲಿಟ್ಟು ಕೇಳಿದರು: "ಶೆಟ್ರೇ, ಮೆರೂನಿಗೆ 290, ಹಳದಿಗೆ 320. ಬಟ್ಟೆ ಒಂದೇ ಅಲ್ವಾ? ಬಣ್ಣಕ್ಕೂ ರೇಟು ಉಂಟಾ ನಿಮ್ಮಲ್ಲಿ?"

ಅವರು ಕೇಳಿದ್ದು ನ್ಯಾಯವೇ. ಈ ಅಂಗಡಿಯಲ್ಲಿ ಬಣ್ಣಕ್ಕೆ ರೇಟು ಇಲ್ಲ. ರೇಟು ಇರುವುದು ಸೈಜಿಗೆ, ಅದೂ ಮೂರು ಗುಂಪಾಗಿ. ಈ ವರ್ಷ 24ರಿಂದ 28ಕ್ಕೆ 320 ರೂಪಾಯಿ, 30ರಿಂದ 34ಕ್ಕೆ 360, 36ರಿಂದ 40ಕ್ಕೆ 410. ಹೋದ ವರ್ಷ ಇದೇ ಗುಂಪುಗಳಿಗೆ 290, 330, 370 ಇತ್ತು. ಅಂದರೆ ಮೆರೂನ್ 28 ಮಾತ್ರ ಹಳೇ ರೇಟಿನಲ್ಲೇ ಕೂತಿತ್ತು. ಶೆಟ್ರು ಹಳದಿಗೂ 290 ಹಾಕಿ ಕಳಿಸಿದರು, ಸಂಜೆ ನನಗೆ ಫೋನ್ ಮಾಡಿದರು. "ಸೈಟು ಎಂತದೋ ಹಾಳಾಗಿದೆ ಮಾರಾಯ್ರೇ, ಒಮ್ಮೆ ನೋಡಿ."

ನೋಡಿದಾಗ ರೇಟಿಗಿಂತ ದೊಡ್ಡ ಗಲಾಟೆ ಸ್ಟಾಕಿನಲ್ಲಿತ್ತು. ಕಪಾಟಿನಲ್ಲಿ ಇರುವುದನ್ನು ಎಣಿಸಿ, ಸೈಟಿನ ಲೆಕ್ಕದ ಪಕ್ಕ ಇಟ್ಟೆವು. ನೇವಿ, ಗ್ರೀನ್ ಸರಿ ಇತ್ತು. ಹಳದಿಯಲ್ಲಿ ಒಂದು ಸೈಜು ಬಿಟ್ಟರೆ ಉಳಿದದ್ದು ಸರಿ (ಆ ಒಂದರ ಕಥೆ ಆಮೇಲೆ). ಮೆರೂನಿನಲ್ಲೂ 32ರಿಂದ 40ರವರೆಗೆ ಸರಿಯಾಗಿತ್ತು. ಆದರೆ ಮೆರೂನ್ 24, 26, 28, 30, ಈ ನಾಲ್ಕು ಸೈಜು ಪೂರ್ತಿ ತಪ್ಪು.

ಏಪ್ರಿಲ್‌ನಲ್ಲಿ ಹೊಸ ಸ್ಟಾಕು ಬಂದಾಗ ಮೆರೂನ್ 24 ಕಪಾಟಿನಲ್ಲಿ 36 ಇತ್ತು, ಸೈಟಲ್ಲಿ ಸೊನ್ನೆ. 26ಕ್ಕೆ ಕಪಾಟಿನಲ್ಲಿ 40, ಸೈಟಲ್ಲಿ 5. 28ಕ್ಕೆ 48, ಸೈಟಲ್ಲಿ 3. 30ಕ್ಕೆ ಉಲ್ಟಾ, ಕಪಾಟಿನಲ್ಲಿ ಬರೇ 4, ಸೈಟಲ್ಲಿ 19. ಒಂದೇ ತಪ್ಪು, ಆದರೆ ಎರಡೂ ಕಡೆಗೆ ಹೊಡೆಯುತ್ತಿತ್ತು. ಮೂರು ಸೈಜಿನಲ್ಲಿ ಮಾಲು ಇಟ್ಟುಕೊಂಡೇ "ಖಾಲಿ" ಅಂತ ತೋರಿಸುತ್ತಿದ್ದರು. ನಾಲ್ಕನೆಯದರಲ್ಲಿ ಇಲ್ಲದ ಮಾಲನ್ನು ಮಾರುತ್ತಿದ್ದರು.

ಒಂದೇ ಬಣ್ಣ, ಅದರಲ್ಲೂ ಸಣ್ಣ ಸೈಜು ಮಾತ್ರ ಯಾಕೆ?

ಸೈಟು ಹಾಳಾಗಿದ್ದರೆ ಎಲ್ಲ ಬಣ್ಣವೂ ಕೆಡಬೇಕಿತ್ತು. ಎಣಿಕೆ ತಪ್ಪಿದ್ದರೆ ಅಲ್ಲೊಂದು ಇಲ್ಲೊಂದು ತಪ್ಪು ಕಾಣಬೇಕಿತ್ತು. ಇಲ್ಲಿ ತಪ್ಪಿಗೆ ಒಂದು ಗೆರೆ ಇದೆ, 30ಕ್ಕೂ 32ಕ್ಕೂ ನಡುವೆ. ಇಂಥ ಗೆರೆ ಕಂಡರೆ ಮನುಷ್ಯರ ಕೈ ತಪ್ಪಲ್ಲ, ಯಾವುದೋ ನಿಯಮ ಕೆಲಸ ಮಾಡುತ್ತಿದೆ ಅಂತ ಅರ್ಥ.

ಈ ವರ್ಷ ಅಂಗಡಿಯಲ್ಲಿ ಒಂದು ಹೊಸ ಪದ್ಧತಿ ಶುರುವಾಗಿತ್ತು. ಹೋದ ವರ್ಷದವರೆಗೆ ಸೈಟಿನ ರೇಟು, ಸ್ಟಾಕನ್ನು ಸೈಟಿನೊಳಗೇ ಒಂದೊಂದಾಗಿ ಟೈಪ್ ಮಾಡುತ್ತಿದ್ದರು. ಈ ವರ್ಷದಿಂದ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಸಿಎಸ್‌ವಿ ಅನ್ನುವ, ಕಾಲಂಗಳನ್ನು ಅಲ್ಪವಿರಾಮದಿಂದ ಬೇರೆ ಮಾಡಿದ ಸಾದಾ ಟೆಕ್ಸ್ಟ್ ಫೈಲ್ ತೆಗೆದು, ಲೆಕ್ಕ ನೋಡಿಕೊಳ್ಳುವ ಹುಡುಗಿ ಅದನ್ನು ಎಕ್ಸೆಲ್‌ನಲ್ಲಿ ತೆರೆದು, ಬೇಡದ ಕಾಲಂ ಅಳಿಸಿ, ಸೇವ್ ಮಾಡಿ, ಪ್ರತಿ ಶನಿವಾರ ಸೈಟಿಗೆ ಇಂಪೋರ್ಟ್ ಮಾಡುತ್ತಿದ್ದಳು. ಒಳ್ಳೆಯ ಪದ್ಧತಿ. ರೇಟು ಮತ್ತು ಸ್ಟಾಕು ಎರಡೂ ಒಂದೇ ಫೈಲಿನಲ್ಲಿ ಹೋಗುತ್ತದೆ, ಎಸ್‌ಕೆಯು ನೋಡಿ ಸರಿಯಾದ ಸಾಲಿಗೆ ಅಂಟುತ್ತದೆ.

ಅವಳು ಸೇವ್ ಮಾಡಿದ್ದ ಏಪ್ರಿಲ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಎಕ್ಸೆಲ್‌ನಲ್ಲಿ ಅಲ್ಲ, ಬೇಕಂತಲೇ ನೋಟ್‌ಪ್ಯಾಡ್‌ನಲ್ಲಿ. ಮೆರೂನ್ ಸಾಲುಗಳು ಹೀಗಿದ್ದವು:

```
SKU,Stock,Regular price
24-Mar,36,320
26-Mar,40,320
28-Mar,48,320
30-Mar,4,360
Mar-32,31,360
Mar-34,28,360
```

`MAR-28` ಅಂತ ಕಂಡ ಕೂಡಲೇ ಎಕ್ಸೆಲ್ ಅದನ್ನು ಮಾರ್ಚ್ 28 ಅಂತ ಓದಿದೆ, ತಾರೀಖು ಮಾಡಿ `28-Mar` ಅಂತ ಬರೆದಿದೆ. ಅದಕ್ಕೆ ಮೆರೂನ್ ಅಂದರೆ ಏನು ಗೊತ್ತು? ಮಾರ್ಚ್‌ನಲ್ಲಿ 31 ದಿನ. ಹಾಗಾಗಿ 24, 26, 28, 30 ಎಲ್ಲವೂ ತಾರೀಖೇ. 32ನೇ ತಾರೀಖು ಇಲ್ಲವಲ್ಲ, ಅದಕ್ಕೆ ಅಲ್ಲಿಂದ ಮುಂದೆ ಅದು 32ನ್ನು ಇಸವಿ ಅಂತ ತಗೊಂಡಿತು. ಬರೆದದ್ದು `Mar-32`.

ಈಗ ಗೆರೆ ಯಾಕೆ ಬಂತು ಅಂತ ಗೊತ್ತಾಗುತ್ತದೆ. ಇಂಪೋರ್ಟ್ ಮಾಡುವಾಗ ಅವಳು "ಇರುವ ಪ್ರಾಡಕ್ಟ್‌ಗಳನ್ನು ಅಪ್‌ಡೇಟ್ ಮಾಡು" ಅನ್ನುವ ಗುರುತು ಹಾಕುತ್ತಿದ್ದಳು. ಆ ಗುರುತು ಹಾಕಿದರೆ ವೂಕಾಮರ್ಸ್ ಫೈಲಿನ ಐಡಿ ಅಥವಾ ಎಸ್‌ಕೆಯು ತನ್ನಲ್ಲಿದೆಯಾ ಅಂತ ಹುಡುಕುತ್ತದೆ. ಸಿಕ್ಕಿದರೆ ಬದಲಿಸುತ್ತದೆ, ಸಿಗದಿದ್ದರೆ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ. `28-Mar` ಅನ್ನುವ ಎಸ್‌ಕೆಯು ಸೈಟಲ್ಲಿ ಎಲ್ಲಿಂದ ಸಿಗಬೇಕು? ಬಿಟ್ಟಿತು. ಆದರೆ `Mar-32` ಸಿಕ್ಕಿತು, ಯಾಕೆಂದರೆ ಅದರ ಡೇಟಾಬೇಸ್ ಸಾಮಾನ್ಯವಾಗಿ ದೊಡ್ಡಕ್ಷರ ಸಣ್ಣಕ್ಷರ ಅಂತ ಭೇದ ಮಾಡುವುದಿಲ್ಲ. `MAR-32` ಬೇರೆ ಅಲ್ಲ, `Mar-32` ಬೇರೆ ಅಲ್ಲ. ಸೈಟಿಗೆ ಹೋಗಿ ನೋಡಿದರೆ 32ರಿಂದ ಮೇಲಿನ ಮೆರೂನ್ ಎಸ್‌ಕೆಯುಗಳೆಲ್ಲ `Mar-32`, `Mar-34` ಅಂತ ಸಣ್ಣಕ್ಷರಕ್ಕೆ ತಿರುಗಿ ಕೂತಿದ್ದವು. ಉಳಿದ ಮೂರು ಬಣ್ಣ ದೊಡ್ಡಕ್ಷರದಲ್ಲೇ ಇತ್ತು. ಮೊದಲೇ ಯಾರಾದರೂ ನೋಡಿದ್ದರೆ ಅದೊಂದೇ ಸುಳಿವು ಸಾಕಿತ್ತು.

ಇನ್ನೊಂದು ಸುಳಿವು ಇಂಪೋರ್ಟ್ ಮುಗಿದಾಗ ಪರದೆಯ ಮೇಲೇ ಬರುತ್ತದೆ. ಎಷ್ಟು ಅಪ್‌ಡೇಟ್ ಆಯಿತು, ಎಷ್ಟು ಬಿಟ್ಟುಹೋಯಿತು ಅಂತ ಅಲ್ಲಿ ಬರೆದಿರುತ್ತದೆ. ಇಲ್ಲಿ 32 ಅಪ್‌ಡೇಟ್, 4 ಬಿಟ್ಟದ್ದು. ಲಾಗ್ ತೆರೆದರೆ ಬಿಟ್ಟ ಸಾಲಿನ ಎದುರು `No matching product exists to update.` ಅಂತ ಕಾರಣವೂ ಇರುತ್ತದೆ. ಆದರೆ ಆ ಪರದೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಮುಗಿಯಿತು ಅನ್ನುವ ದೊಡ್ಡ ಟಿಕ್ ಗುರುತು. ಸೀಸನ್ ಗಡಿಬಿಡಿಯಲ್ಲಿ ಅದನ್ನು ನೋಡಿ ಮುಚ್ಚಿದ ಹುಡುಗಿಯನ್ನು ಬೈಯುವುದರಲ್ಲಿ ಅರ್ಥವಿಲ್ಲ. ಶೆಟ್ರೂ ಬೈಯಲಿಲ್ಲ.

ಇದು ಬರೇ ಸಣ್ಣ ಅಂಗಡಿಯ ಕಥೆ ಅಂದುಕೊಳ್ಳಬೇಡಿ. ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ಸಮಿತಿಯೇ `MARCH1`, `SEPT1` ತರಹದ ಜೀನ್ ಹೆಸರುಗಳನ್ನು `MARCHF1`, `SEPTIN1` ಅಂತ ಬದಲಿಸಿತು, ಎಕ್ಸೆಲ್ ಅವನ್ನು ತಾರೀಖು ಮಾಡುತ್ತದೆ ಅನ್ನುವುದೇ ಕಾರಣ. ಆ ಹೊಸ ನಿಯಮ ಹೊರಬಂದದ್ದು 2020ರಲ್ಲಿ. 2023ರಲ್ಲಿ ಎಕ್ಸೆಲ್‌ನಲ್ಲಿ `MARCH1` ತರಹ ಅಕ್ಷರ, ಅಂಕಿ ಕೂಡಿಕೊಂಡಿದ್ದು ತಾರೀಖು ಆಗುವುದನ್ನು ನಿಲ್ಲಿಸುವ ಆಯ್ಕೆಯೂ ಬಂತು. ಆದರೆ `MAR-28` ತರಹ ನಡುವೆ ಅಡ್ಡಗೆರೆ ಇದ್ದರೆ ಅದನ್ನು ನೆಚ್ಚುವಂತಿಲ್ಲ, ಮತ್ತೆ ಆ ಆಯ್ಕೆ ಇರುವುದೂ ಆ ಕಂಪ್ಯೂಟರಿಗೆ, ಆ ಆವೃತ್ತಿಗೆ ಮಾತ್ರ. ನಾಳೆ ಹುಡುಗಿ ರಜೆ ಹಾಕಿ ಶೆಟ್ರ ಮಗ ತನ್ನ ಲ್ಯಾಪ್‌ಟಾಪ್‌ನಲ್ಲಿ ಫೈಲ್ ತೆರೆದರೆ ಮತ್ತೆ ಮಾರ್ಚ್ ತಿಂಗಳೇ.

ಆದ ನಷ್ಟ

ಹಳೇ ರೇಟಿನಲ್ಲಿ ಸೈಟಲ್ಲಿ ಆರ್ಡರ್ ಆದದ್ದು 26ರ 5, 28ರ 3, 30ರ 11. ಒಟ್ಟು 19 ಪೀಸು. ಒಂದೊಂದಕ್ಕೆ 30 ರೂಪಾಯಿ ಕಮ್ಮಿ, ಅಂದರೆ 570 ರೂಪಾಯಿ. ಇದು ಏನೂ ಅಲ್ಲ. ತಲೆನೋವು ಆದದ್ದು ಮೆರೂನ್ 30. ಹನ್ನೊಂದು ಆರ್ಡರ್, ಕೈಯಲ್ಲಿ ನಾಲ್ಕು ಪೀಸು. ಉಳಿದ ಏಳು ಜನರಿಗೆ ಶೆಟ್ರೇ ಫೋನ್ ಮಾಡಿದರು, 32 ಕೊಡುತ್ತೇನೆ, ಕಟ್ಟಿದ 330ಕ್ಕೇ ಕೊಡುತ್ತೇನೆ ಅಂದರು. ಐದು ಜನ ಒಪ್ಪಿದರು. "ಅಡ್ಡಿಲ್ಲ, ಮುಂದಿನ ವರ್ಷಕ್ಕೂ ಆಗ್ತದೆ" ಅನ್ನುವ ಲೆಕ್ಕ ನಮ್ಮ ಕಡೆ ಯಾವಾಗಲೂ ಇರುತ್ತದೆ. ಇಬ್ಬರಿಗೆ ದುಡ್ಡು ವಾಪಸ್ ಹೋಯಿತು.

ಲೆಕ್ಕಕ್ಕೆ ಸಿಗದ ನಷ್ಟ ಇನ್ನೊಂದು. 24, 26, 28 ಅಂದರೆ ಸಣ್ಣ ಮಕ್ಕಳ ಸೈಜು, ಹೊಸದಾಗಿ ಶಾಲೆಗೆ ಸೇರಿದವರು ಕೊಳ್ಳುವುದೇ ಅದನ್ನು. ಸೈಟಲ್ಲಿ ಖಾಲಿ ಅಂತ ನೋಡಿ ಬೇರೆ ಅಂಗಡಿಗೆ ಹೋದವರು ಎಷ್ಟು ಜನ, ಯಾವ ವರದಿಯಲ್ಲೂ ಬರುವುದಿಲ್ಲ.

ಹೊಸ ಎಸ್‌ಕೆಯು

ಶೆಟ್ರ ಮೊದಲ ಸಲಹೆ ಹೀಗಿತ್ತು: `MAR` ಬದಲು `MRN` ಮಾಡಿ ಮುಗಿಸುವ. ಅಷ್ಟು ಮಾಡಿದರೆ ಈ ತೊಂದರೆ ಹೋಗುತ್ತದೆ, ನಿಜ. ಆದರೆ ಅಂಗಡಿಯಲ್ಲಿ ಟೀ-ಶರ್ಟ್ ಒಂದೇ ಇಲ್ಲ. ನೇವಿ ಬ್ಲೂ ಟ್ರ್ಯಾಕ್ ಪ್ಯಾಂಟ್ ಸೈಜು 28 ಕೂಡ ಇದೆ. ಅದಕ್ಕೆ `NAV-28` ಕೊಡಲು ಆಗುವುದಿಲ್ಲ, ಆಗಲೇ ಟೀ-ಶರ್ಟ್ ತಗೊಂಡಿದೆ. ಹಾಗಾಗಿ ಅದಕ್ಕೆ ಯಾರೋ `NAV-28-A` ಅಂತ ಹಾಕಿದ್ದರು. ಇನ್ನೊಂದು ಬಂದರೆ `B`. ಆ `A` ಏನು ಅಂತ ಹಾಕಿದವರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ.

ಅದಕ್ಕೆ ಮುಂದೆ ಐಟಂನ ಎರಡಕ್ಷರ ಸೇರಿಸಿದೆವು. ಹೌಸ್ ಟೀ-ಶರ್ಟಿಗೆ `HT`, ಟ್ರ್ಯಾಕ್ ಪ್ಯಾಂಟಿಗೆ `TP`. ಆಮೇಲೆ ಬಣ್ಣ, ಆಮೇಲೆ ಸೈಜು. `HT-MRN-28`. ಹೀಗೆ ತಿಂಗಳ ಹೆಸರಲ್ಲದ ಅಕ್ಷರದಿಂದ ಶುರುವಾಗುವ ಮೂರು ತುಂಡಿನ ಕೋಡನ್ನು ಎಕ್ಸೆಲ್ ತಾರೀಖು ಅಂತ ಓದುವುದಿಲ್ಲ. ಎಲ್ಲಕ್ಕೂ ಒಂದೇ ಉದ್ದ ಇರುವುದರಿಂದ ಸಾರ್ಟ್ ಮಾಡಿದರೆ ಐಟಂ, ಬಣ್ಣ, ಸೈಜು ಅನ್ನುವ ಕ್ರಮದಲ್ಲೇ ಬರುತ್ತದೆ, ಕಪಾಟಿನಲ್ಲಿ ಜೋಡಿಸಿದ್ದೂ ಹಾಗೆಯೇ.

ಅಂಗಡಿಯ ಉಳಿದ ಐಟಂ ನೋಡುವಾಗ ಇದೇ ಜಾತಿಯ ಬೇರೆ ಗುಂಡಿಗಳೂ ಸಿಕ್ಕಿದವು. ನರ್ಸರಿ ಮಕ್ಕಳ ಚಡ್ಡಿಗೆ ವಯಸ್ಸಿನ ಸೈಜು, `5-6`. ಅದು ಎಕ್ಸೆಲ್‌ನಲ್ಲಿ ಜೂನ್ 5 ಆಗುತ್ತದೆ. ಸಾಕ್ಸಿಗೆ `007` ಅಂತ ಬರೇ ಅಂಕಿಯ ಕೋಡು ಇತ್ತು, ಅದು `7` ಆಗಿ ಕೂತಿತ್ತು, ಮುಂದಿನ ಸೊನ್ನೆ ಎಕ್ಸೆಲ್ ತಿಂದುಬಿಡುತ್ತದೆ. ಅಂಕಿಗಳ ನಡುವೆ `E` ಅಕ್ಷರ ಬಂದರೆ, ಉದಾಹರಣೆಗೆ `32E4`, ಅದನ್ನು 32ರ ಮುಂದೆ ನಾಲ್ಕು ಸೊನ್ನೆ ಅಂತ ಓದಿ `3.20E+05` ಮಾಡುತ್ತದೆ. ಎಲ್ಲದಕ್ಕೂ ಮದ್ದು ಒಂದೇ: ಕೋಡು ಅಕ್ಷರದಿಂದ ಶುರುವಾಗಲಿ, ಆ ಅಕ್ಷರ ತಿಂಗಳ ಹೆಸರು ಆಗದಿರಲಿ.

ಮತ್ತೆ ಶೆಟ್ರಿಗೆ ಕೋಡಿನಲ್ಲಿ ಇನ್ನೂ ಎರಡು ವಿಷಯ ಬೇಕಿತ್ತು. ಒಂದು, ರೇಟು. `HT-MRN-28-320` ಅಂತ ಇದ್ದರೆ ಕಪಾಟು ನೋಡಿಯೇ ರೇಟು ಹೇಳಬಹುದಲ್ವಾ ಅಂದರು. ಬೇಡ ಅಂದೆ. ರೇಟು ಈ ವರ್ಷವೇ ಬದಲಾಗಿದೆ. ಬದಲಾದಾಗ ಎಸ್‌ಕೆಯುವನ್ನೂ ಬದಲಿಸಿದರೆ ಹೋದ ವರ್ಷ ಮೆರೂನ್ 28 ಎಷ್ಟು ಹೋಯಿತು ಅನ್ನುವ ಲೆಕ್ಕ ತುಂಡಾಗುತ್ತದೆ. ಬದಲಿಸದಿದ್ದರೆ ಕೋಡು ಸುಳ್ಳು ಹೇಳುತ್ತದೆ. ರೇಟು, ಸ್ಟಾಕು ಬದಲಾಗುವಂಥವು. ಅವನ್ನು ಎಸ್‌ಕೆಯುಗೆ ಕಟ್ಟಬೇಕು, ಎಸ್‌ಕೆಯು ಒಳಗೆ ತುಂಬಬಾರದು.

ಎರಡನೆಯದು, ಮಾಲು ಕೊಟ್ಟವರ ಗುರುತು. ತಿರುಪ್ಪೂರಿನ ಇಬ್ಬರಿಂದ ಮಾಲು ಬರುತ್ತದೆ. ಇದಕ್ಕೆ ಸ್ವಲ್ಪ ಯೋಚಿಸಬೇಕಾಯಿತು, ಯಾಕೆಂದರೆ ಒಬ್ಬರ ಮೆರೂನ್ ಇನ್ನೊಬ್ಬರದ್ದಕ್ಕಿಂತ ಒಂದು ಚೂರು ಗಾಢ. ಕೊನೆಗೆ ನಾವು ಇಟ್ಟುಕೊಂಡ ಅಳತೆ ಇಷ್ಟು: ಗಿರಾಕಿ ಕೇಳಿದಾಗ ಎರಡರಲ್ಲಿ ಯಾವುದು ಕೊಟ್ಟರೂ ಆಗುತ್ತದಾ? ಶಾಲೆಯವರು ಎರಡನ್ನೂ ಒಪ್ಪುತ್ತಾರಾ? ಆಗುವುದಾದರೆ ಎಸ್‌ಕೆಯು ಒಂದೇ, ಯಾರ ಮಾಲು ಅನ್ನುವುದು ಖರೀದಿ ಬಿಲ್ಲಿನಲ್ಲಿ ಇರಲಿ. ಶಾಲೆಯವರು ಗಾಢ ಮೆರೂನ್ ಬೇಡ ಅಂದ ದಿನ ಅದು ಬೇರೆ ವೇರಿಯಂಟ್ ಆಗುತ್ತದೆ. ಸದ್ಯಕ್ಕೆ ಅವರು ಏನೂ ಅಂದಿಲ್ಲ.

ಹೆಸರು ಬದಲಿಸುವಾಗ ಒಂದು ಎಚ್ಚರ ಬೇಕು. ಎಸ್‌ಕೆಯು ನೋಡಿ ಸಾಲು ಹುಡುಕುವ ಫೈಲಿನಲ್ಲೇ ಎಸ್‌ಕೆಯು ಬದಲಿಸಿದರೆ ಮತ್ತೆ ಯಾವುದೂ ಸಿಗುವುದಿಲ್ಲ. ವೂಕಾಮರ್ಸ್‌ನಲ್ಲಿ ಪ್ರತಿ ವೇರಿಯಂಟಿಗೂ ಒಂದು ಐಡಿ ಸಂಖ್ಯೆ ಇರುತ್ತದೆ, ಅದನ್ನು ಸೈಟೇ ಕೊಡುವುದು, ನಾವು ಮುಟ್ಟುವಂತಿಲ್ಲ. ಸೈಟಿನಿಂದಲೇ ಎಕ್ಸ್‌ಪೋರ್ಟ್ ಮಾಡಿ, ಐಡಿ ಕಾಲಂ ಹಾಗೇ ಉಳಿಸಿ, ಎಸ್‌ಕೆಯು ಕಾಲಂನಲ್ಲಿ ಮಾತ್ರ ಹೊಸದನ್ನು ಬರೆದು ವಾಪಸ್ ಹಾಕಿದೆವು. ಆಗ ಅದು ಐಡಿ ನೋಡಿ ಸಾಲು ಹುಡುಕುತ್ತದೆ. ಅದೇ ಭಾನುವಾರ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲೂ ಬದಲಿಸಿ, ಕಪಾಟಿನ ಚೀಟಿಗಳನ್ನೂ ಹೊಸದಾಗಿ ಬರೆದು ಅಂಟಿಸಿದರು. ಈ ಮೂರರಲ್ಲಿ ಒಂದು ಕಡೆ ಹಳೇ ಕೋಡು ಉಳಿದರೂ ಮುಂದಿನ ಶನಿವಾರ ಮತ್ತೆ ಸಾಲು ಬಿಟ್ಟುಹೋಗುತ್ತದೆ.

ಕೆಟ್ಟ ಹಳೇ ಫೈಲನ್ನೇ ರಿಪೇರಿ ಮಾಡುವ ಯೋಚನೆ ಹುಡುಗಿಗೆ ಇತ್ತು. ತಾರೀಖಾದ ಕಾಲಂ ಅನ್ನು ಆಮೇಲೆ ಟೆಕ್ಸ್ಟ್ ಅಂತ ಬದಲಿಸಿದರೆ `MAR-28` ವಾಪಸ್ ಬರುವುದಿಲ್ಲ. ತಾರೀಖಿನ ಒಳಗಿನ ಐದಂಕಿಯ ಸಂಖ್ಯೆ ಹೊರಗೆ ಬರುತ್ತದೆ, ಅಷ್ಟೇ. ಫೈಲನ್ನು ತೆರೆಯುವ ಮೊದಲೇ ಹೇಳಬೇಕು. ಎಕ್ಸೆಲ್‌ನ `Data` ಮೆನುವಿನಲ್ಲಿ `From Text/CSV` ಮೂಲಕ ತಂದು ಎಸ್‌ಕೆಯು ಕಾಲಂ ಅನ್ನು ಟೆಕ್ಸ್ಟ್ ಮಾಡಿಕೊಳ್ಳಬಹುದು. ಡಬಲ್ ಕ್ಲಿಕ್ ಮಾಡಿ ತೆರೆದರೆ ಕೆಲಸ ಕೆಟ್ಟಾಯಿತು.

ರೇಟು ಎಲ್ಲಿ, ಸ್ಟಾಕು ಎಲ್ಲಿ

ಇಷ್ಟೆಲ್ಲ ಆದ ಮೇಲೆ ಶೆಟ್ರು ಒಂದು ಪ್ರಶ್ನೆ ಕೇಳಿದರು, ಅದು ನನಗೆ ಇಷ್ಟವಾಯಿತು. "36 ಸಾಲಿಗೆ 36 ಲೆಕ್ಕ ಯಾಕೆ ಮಾರಾಯ್ರೇ? ರೇಟು ಮೂರೇ ಅಲ್ವಾ? ಸ್ಟಾಕು ಮೇಲೆ ಒಟ್ಟು ಹಾಕಿದರೆ ಆಗುವುದಿಲ್ವಾ?"

ರೇಟಿನ ಮಟ್ಟಿಗೆ ಅವರು ಹೇಳಿದ್ದು ಅರ್ಧ ಸರಿ. ಬದಲಾಗುವುದು ಸೈಜಿನ ಮೇಲೆ, ಬಣ್ಣಕ್ಕೆ ಸಂಬಂಧವೇ ಇಲ್ಲ. ಆದರೆ ವೂಕಾಮರ್ಸ್‌ನಲ್ಲಿ ಸೈಜಿಗೆ ರೇಟು ಹಚ್ಚುವ ಜಾಗ ಇಲ್ಲ. ವೇರಿಯಂಟಿಗೆ ಮಾತ್ರ ಇದೆ. ಹಾಗಾಗಿ ಒಂದೇ 320 ಹನ್ನೆರಡು ಕಡೆ ಬರೆದಿರುತ್ತದೆ, ಹನ್ನೆರಡರಲ್ಲಿ ಒಂದು ಹಿಂದೆ ಉಳಿದರೂ ಗಿರಾಕಿಗೆ ಕಾಣುತ್ತದೆ. ಇದಕ್ಕೆ ನಾವು ಮಾಡಿದ್ದು ಫೈಲಿನಲ್ಲೇ ಒಂದು ಚಿಕ್ಕ ಪಟ್ಟಿ: ಸೈಜು, ಅದರ ಎದುರು ರೇಟು, ಒಂಬತ್ತು ಸಾಲು. 36 ಸಾಲುಗಳ ರೇಟು ಅಲ್ಲಿಂದಲೇ ಬರುತ್ತದೆ, ಕೈಯಲ್ಲಿ ಯಾರೂ ಟೈಪ್ ಮಾಡುವುದಿಲ್ಲ.

ರೇಟು ವೇರಿಯಂಟಿಗೆ ಅಂಟಿರುವುದು ಬೇರೊಂದು ಕಡೆ ಒಳ್ಳೆಯದೇ ಆಯಿತು. ಇದೇ ಅಂಗಡಿಯಲ್ಲಿ ಬ್ಲೇಜರ್ ಇದೆ. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿಗೆ ಪೀಸಿಗೆ 2,500 ರೂಪಾಯಿವರೆಗೆ ಜಿಎಸ್‌ಟಿ ಶೇ. 5, ಅದಕ್ಕಿಂತ ಮೇಲಿದ್ದರೆ ಶೇ. 18. ಟೀ-ಶರ್ಟಿಗೆ ಇದರ ಬಿಸಿ ತಟ್ಟುವುದಿಲ್ಲ. ಬ್ಲೇಜರ್‌ನಲ್ಲಿ ಮಾತ್ರ ಸಣ್ಣ ಸೈಜು ಈ ಕಡೆ, ದೊಡ್ಡ ಸೈಜು ಆ ಕಡೆ ಬೀಳುತ್ತದೆ. ಒಂದೇ ಐಟಂ, ಎರಡು ತೆರಿಗೆ. ವೂಕಾಮರ್ಸ್‌ನಲ್ಲಿ ತೆರಿಗೆಯ ಕ್ಲಾಸನ್ನೂ ವೇರಿಯಂಟಿಗೆ ಬೇರೆ ಹಾಕಬಹುದು, ಸುಮ್ನೆ ಬಿಟ್ಟರೆ ಪೇರೆಂಟ್‌ನದ್ದೇ ತಗೊಳ್ಳುತ್ತದೆ. ಬ್ಲೇಜರ್‌ನ ದೊಡ್ಡ ಸೈಜುಗಳಿಗೆ ಅದನ್ನು ಬದಲಿಸಿದೆವು.

ಸ್ಟಾಕನ್ನು ಮೇಲೆ ಒಟ್ಟು ಹಾಕುವ ಸಲಹೆ ಅಪಾಯದ್ದು. ಹಾಗೆ ಮಾಡಲು ಬರುತ್ತದೆ ಅನ್ನುವುದೇ ಅಪಾಯ. ಪೇರೆಂಟ್‌ನಲ್ಲಿ ಸ್ಟಾಕು ಲೆಕ್ಕ ಇಡು ಅಂತ ಗುರುತು ಹಾಕಿ, ವೇರಿಯಂಟಿನಲ್ಲಿ ಹಾಕದೆ ಬಿಟ್ಟರೆ, ಎಲ್ಲ ವೇರಿಯಂಟ್‌ಗಳೂ ಆ ಒಂದೇ ರಾಶಿಯಿಂದ ಕಳೆಯುತ್ತವೆ. 900 ಪೀಸು ಅಂತ ಹಾಕಿದರೆ ಮೆರೂನ್ 30 ಒಂದೂ ಇಲ್ಲದಿದ್ದರೂ ಸೈಟು ಅದನ್ನು ಮಾರುತ್ತಲೇ ಇರುತ್ತದೆ, 900 ಮುಗಿಯುವವರೆಗೆ. ಬಣ್ಣ, ಸೈಜು ಯಾವುದಾದರೂ ಆಗುವ ಮಾಲಿಗೆ ಅದು ನಡೆಯುತ್ತದೆ. 30ರ ಮಗುವಿಗೆ 24 ಕೊಡಲು ಆಗುತ್ತದಾ? ಹೌಸ್ ಬಣ್ಣ ಬದಲಿಸಲು ಆಗುತ್ತದಾ? ಶೆಟ್ರು ನಕ್ಕರು, ಆ ವಿಷಯ ಅಲ್ಲಿಗೇ ಬಿಟ್ಟರು.

ಈಗ ಹಳದಿಯ ಆ ಒಂದು ಸೈಜು. ಹಳದಿ 40 ಕಪಾಟಿನಲ್ಲಿ ಒಂದೂ ಇರಲಿಲ್ಲ, ಸೈಟಲ್ಲಿ ಮಾತ್ರ ಎಷ್ಟು ಬೇಕಾದರೂ ಸಿಗುತ್ತಿತ್ತು, ಸಂಖ್ಯೆಯೇ ಕಾಣುತ್ತಿರಲಿಲ್ಲ. ಇದರ ಎಸ್‌ಕೆಯು ಸರಿ ಇದೆ, `YEL-40` ತಾರೀಖು ಅಲ್ಲ. ಫೈಲಿನಲ್ಲಿ ನೋಡಿದರೆ ಸ್ಟಾಕಿನ ಜಾಗ ಖಾಲಿ ಇತ್ತು:

```
YEL-38,12,410
YEL-40,,410
```

ಬಿಲ್ಲಿಂಗ್ ಸಾಫ್ಟ್‌ವೇರ್ ಸೊನ್ನೆ ಇದ್ದಲ್ಲಿ ಏನೂ ಬರೆಯದೆ ಬಿಡುತ್ತಿತ್ತು. ನಮಗೆ ಖಾಲಿ ಅಂದರೆ ಇಲ್ಲ. ವೂಕಾಮರ್ಸ್ ಇಂಪೋರ್ಟಿಗೆ ಖಾಲಿ ಅಂದರೆ "ಇದರ ಲೆಕ್ಕ ಇಡುವುದು ಬೇಡ". ಆ ವೇರಿಯಂಟಿನ ಸ್ಟಾಕು ಲೆಕ್ಕವನ್ನೇ ನಿಲ್ಲಿಸಿ, ಮಾಲು ಇದೆ ಅಂತ ತೋರಿಸುತ್ತದೆ. ಇದು ಮಾರ್ಚ್ ಕಥೆಗಿಂತ ಕೆಟ್ಟದ್ದು ಅನ್ನುವುದು ನನ್ನ ಅಭಿಪ್ರಾಯ, ಯಾಕೆಂದರೆ ಇಲ್ಲಿ ಸಾಲು ಬಿಟ್ಟುಹೋಗುವುದಿಲ್ಲ. ಅಪ್‌ಡೇಟ್ ಆದ 32ರ ಲೆಕ್ಕದಲ್ಲೇ ಸೇರಿರುತ್ತದೆ. ಲಾಗ್ ನೋಡಿದರೂ ಏನೂ ಸಿಗುವುದಿಲ್ಲ. 40 ಸೈಜು ಕೇಳುವವರು ಕಮ್ಮಿ, ಅದಕ್ಕೆ ಆರ್ಡರ್ ಬಂದಿರಲಿಲ್ಲ, ಬಚಾವ್.

ಈಗ ಶನಿವಾರದ ಕೆಲಸ ಹೀಗಿದೆ. ಫೈಲು ಡಬಲ್ ಕ್ಲಿಕ್ ಮಾಡಿ ತೆರೆಯುವುದಿಲ್ಲ. ಇಂಪೋರ್ಟ್ ಆದ ಮೇಲೆ ಬಿಟ್ಟ ಸಾಲು ಸೊನ್ನೆಯಾ ಅಂತ ನೋಡಿ ಪುಸ್ತಕದಲ್ಲಿ ಬರೆಯುತ್ತಾಳೆ. ಸೊನ್ನೆ ಅಲ್ಲದಿದ್ದರೆ ಅಂದು ಸೈಟು ಬಂದ್, ಸರಿಮಾಡಿದ ಮೇಲೆಯೇ ಆರ್ಡರ್.

ಒಂದು ತೊಂದರೆ ಮಾತ್ರ ಪೂರ್ತಿ ಹೋಗಿಲ್ಲ. ಕೌಂಟರ್‌ನಲ್ಲಿ ಮಾರಿದ್ದು ಸೈಟಿಗೆ ಗೊತ್ತಾಗುವುದು ಮುಂದಿನ ಶನಿವಾರವೇ. ನಡುವೆ ಕೊನೆಯ ಎರಡು ಪೀಸು ಕೌಂಟರ್‌ನಲ್ಲಿ ಹೋದರೆ ಸೈಟು ಅದನ್ನೇ ಇನ್ನೊಮ್ಮೆ ಮಾರಬಹುದು. ಬಿಲ್ಲಿಂಗ್ ಮತ್ತು ಸೈಟನ್ನು ನೇರ ಜೋಡಿಸುವ ಪ್ಲಗಿನ್‌ಗೆ ಶೆಟ್ರು ಈ ವರ್ಷ ದುಡ್ಡು ಹಾಕುವುದಿಲ್ಲ ಅಂದರು. ಹಾಗಾಗಿ ಪ್ರತಿ ವೇರಿಯಂಟಿನಲ್ಲೂ ಮೂರು ಪೀಸು ಕೌಂಟರಿಗೆ ಅಂತ ತೆಗೆದಿಟ್ಟು, ಉಳಿದದ್ದನ್ನು ಮಾತ್ರ ಸೈಟಿಗೆ ಕೊಡುವುದು ಅಂತಾಯಿತು. ಫೈಲಿನಲ್ಲಿ ಬಿಲ್ಲಿಂಗ್‌ನ ಸ್ಟಾಕು `B` ಕಾಲಂನಲ್ಲೇ ಇದೆ, ಸೈಟಿಗೆ ಹೋಗುವ ಸ್ಟಾಕಿಗೆ ಬೇರೆ ಕಾಲಂ, ಅದರಲ್ಲಿ ಈಗ ಇರುವುದು ಇದು:

```
=MAX(0,B2-3)
```

ಕಪಾಟಿನಲ್ಲಿ ಎರಡೇ ಇದ್ದರೆ ಮೈನಸ್ ಬರದೆ ಸೊನ್ನೆ ಬರುತ್ತದೆ. ಬಿಲ್ಲಿಂಗ್‌ನಿಂದ ಖಾಲಿ ಬಂದ ಜಾಗಕ್ಕೂ ಸೊನ್ನೆಯೇ ಬರುತ್ತದೆ. ಹಳದಿ 40ಕ್ಕೆ ಬೇರೆ ಔಷಧಿ ಹುಡುಕುವ ಅಗತ್ಯ ಬರಲಿಲ್ಲ.